ಲಾಗ್ ಇಲ್ಲದ 44 ದಿನ: ಮಾಹಿತಿ ಸೋರಿಕೆಯ ಬಗ್ಗೆ ಗ್ರಾಹಕರಿಗೆ ಬರೆದ ಒಂದು ಇಮೇಲಿನ ಕಥೆ

ನಾನು ಕೆಲಸ ಮಾಡುತ್ತಿದ್ದ ಸಂಸ್ಥೆ ಆನ್‌ಲೈನ್ ಕೋರ್ಸ್‌ಗಳನ್ನು ನಡೆಸುತ್ತಿತ್ತು. ಗ್ರಾಹಕರಿಗೆ ಹೋಗುವ ಪತ್ರಗಳೆಲ್ಲ ನನ್ನ ಮೇಜಿನಿಂದಲೇ ಹೋಗುತ್ತಿದ್ದವು. ಹಣ ವಾಪಸ್ ಬಂದಿದೆ, ತರಗತಿ ಮುಂದಕ್ಕೆ ಹೋಗಿದೆ, ಇಂಥವೇ ಜಾಸ್ತಿ. "ನಿಮ್ಮ ಮಾಹಿತಿ ನಮ್ಮ ಕೈತಪ್ಪಿ ಹೋಗಿದೆ" ಎಂದು ಬರೆಯಬೇಕಾಗಿ ಬಂದದ್ದು ಒಂದೇ ಸಲ. ಆ ಪತ್ರ ಹೇಗೆ ತಯಾರಾಯಿತು, ಅದರಲ್ಲಿ ಯಾವುದು ಸರಿಹೋಯಿತು, ಎಲ್ಲಿ ಎಡವಿದೆವು ಎಂಬುದನ್ನು ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ.

ಮೇ 16ರ ಬೆಳಗ್ಗೆ ಹೊರಗಿನವರೊಬ್ಬರಿಂದ ಒಂದು ಇಮೇಲ್ ಬಂತು. ಭದ್ರತೆಯ ಲೋಪಗಳನ್ನು ಹುಡುಕಿ ತಿಳಿಸುವುದು ಅವರ ಹವ್ಯಾಸ. ನಮ್ಮ ಕ್ಲೌಡ್ ಸಂಗ್ರಹದ ಒಂದು ಫೋಲ್ಡರ್ ಯಾರು ಬೇಕಾದರೂ ತೆರೆಯುವ ಹಾಗಿದೆ, ಅದರಲ್ಲಿ ಗ್ರಾಹಕರ ಬ್ಯಾಕಪ್ ಫೈಲ್ ಇದೆ ಅಂತ ಬರೆದಿದ್ದರು. ನಲವತ್ತು ನಿಮಿಷದಲ್ಲಿ ಫೋಲ್ಡರ್ ಮುಚ್ಚಿದೆವು. ಹೇಗೆ ತೆರೆದುಕೊಂಡಿತು ಎಂಬುದೂ ಮಧ್ಯಾಹ್ನದ ಹೊತ್ತಿಗೆ ಗೊತ್ತಾಯಿತು. ಸರ್ವರ್ ಬದಲಿಸುವಾಗ ಪರೀಕ್ಷೆಗೆ ಬೇಕೆಂದು ಒಬ್ಬರು ಮಾರ್ಚ್ 3ರಂದು ಆ ಫೈಲನ್ನು ಅಲ್ಲಿಟ್ಟಿದ್ದರು. ಆ ಫೋಲ್ಡರನ್ನು ಕೋರ್ಸಿನ ಚಿತ್ರಗಳಿಗೆಂದು ಮೊದಲೇ ಸಾರ್ವಜನಿಕ ಮಾಡಿತ್ತು. ಕೆಲಸ ಮುಗಿಯಿತು, ಫೈಲ್ ಅಲ್ಲೇ ಉಳಿಯಿತು.

ಫೈಲಿನಲ್ಲಿ 38,400 ಜನರ ದಾಖಲೆ ಇತ್ತು. ಹೆಸರು, ಇಮೇಲ್, ಫೋನ್ ನಂಬರ್, ಕೊನೆಯದಾಗಿ ಸೇರಿದ ಕೋರ್ಸ್, ಮತ್ತು ಪಾಸ್‌ವರ್ಡಿನ ಹ್ಯಾಶ್. ಕಾರ್ಡ್ ವಿವರ ಇರಲಿಲ್ಲ. ಹಣ ಪಡೆಯುವ ಕೆಲಸ ಬೇರೆ ಸಂಸ್ಥೆಯದು, ಕಾರ್ಡ್ ನಂಬರ್ ನಮ್ಮ ಹತ್ತಿರ ಬರುತ್ತಲೇ ಇರಲಿಲ್ಲ.

ಮೊದಲ ಕರಡು

ಸಂಜೆಯೇ ಒಂದು ಕರಡು ಮೇಲಿನಿಂದ ಬಂತು. ಅದರ ಮುಖ್ಯ ಭಾಗ ಹೀಗಿತ್ತು:

"ಇತ್ತೀಚೆಗೆ ನಮ್ಮ ಗಮನಕ್ಕೆ ಬಂದ ಒಂದು ಘಟನೆಯಲ್ಲಿ ಕೆಲವು ಗ್ರಾಹಕರ ಸೀಮಿತ ಮಾಹಿತಿಯನ್ನು ಅನಧಿಕೃತ ವ್ಯಕ್ತಿಗಳು ನೋಡಿರುವ ಸಾಧ್ಯತೆ ಇದೆ. ಪಾಸ್‌ವರ್ಡ್‌ಗಳು ಎನ್‌ಕ್ರಿಪ್ಟ್ ಆಗಿದ್ದವು. ಮಾಹಿತಿ ದುರುಪಯೋಗ ಆಗಿರುವುದಕ್ಕೆ ಯಾವುದೇ ಸಾಕ್ಷಿ ಕಂಡುಬಂದಿಲ್ಲ. ನಿಮ್ಮ ಸುರಕ್ಷತೆ ನಮಗೆ ಅತ್ಯಂತ ಮುಖ್ಯ."

ಓದಿದರೆ ಎಲ್ಲ ಸರಿ ಇದೆ ಅನ್ನಿಸುತ್ತದೆ, ಅಲ್ವಾ? ಆದರೆ ಇದನ್ನು ಓದಿದವರಿಗೆ ತಾವು ಈಗ ಏನು ಮಾಡಬೇಕೆಂದು ಗೊತ್ತಾಗುವುದಿಲ್ಲ. ಜೊತೆಗೆ ಇದರ ಮೂರು ವಾಕ್ಯಗಳು ನಿಜವನ್ನು ಮರೆಮಾಡುತ್ತವೆ. ನಾನು ಆ ಕರಡನ್ನು ಹಿಡಿದು ಭದ್ರತೆ ನೋಡಿಕೊಳ್ಳುವ ಸಹೋದ್ಯೋಗಿಯ ಪಕ್ಕ ಕೂತೆ.

"ಸರ್, ನೋಡಿರುವ ಸಾಧ್ಯತೆ ಅಂತ ಇದೆ. ನಮಗೆ ನಿಜವಾಗಿ ಏನು ಗೊತ್ತು?" ಎಂದು ಕೇಳಿದೆ.

ಅವರು ಲಾಗ್ ತೆರೆದು ತೋರಿಸಿದರು. ಯಾವ ಐಪಿ ವಿಳಾಸದಿಂದ, ಯಾವ ಹೊತ್ತಿಗೆ, ಎಷ್ಟು ಎಂಬಿ ಹೋಗಿದೆ ಎಂದು ಸಾಲುಸಾಲಾಗಿ ಇರುತ್ತದೆ. ಫೈಲ್ 212 ಎಂಬಿ. ನಮ್ಮದಲ್ಲದ ಎರಡು ವಿಳಾಸಗಳಿಂದ ಒಟ್ಟು ನಾಲ್ಕು ಸಲ ಪೂರಾ 212 ಎಂಬಿ ಇಳಿದಿತ್ತು. ಅಂದರೆ ಸಾಧ್ಯತೆ ಅಲ್ಲ, ಡೌನ್‌ಲೋಡ್ ಆಗಿದೆ. ನಮಗೆ ತಿಳಿಸಿದವರು ತಾವು ಫೈಲಿನ ಮೊದಲ ತುಣುಕು ಮಾತ್ರ ನೋಡಿದ್ದಾಗಿ ಹೇಳಿದ್ದರು. ಲಾಗಿನಲ್ಲಿ ಅದೂ ಬೇರೆಯಾಗಿ, ಕೆಲವೇ ಕೆಬಿಯ ಒಂದು ಸಾಲಾಗಿ ಕಾಣುತ್ತಿತ್ತು. ಆ ನಾಲ್ಕರಲ್ಲಿ ಅವರದು ಸೇರಿರಲಿಲ್ಲ.

"ಅದಕ್ಕಿಂತ ಮೊದಲು?"

ಅವರು ತೆರೆಯನ್ನು ಮೇಲಕ್ಕೆ ಸರಿಸಿದರು. ಏಪ್ರಿಲ್ 16ಕ್ಕೆ ಲಾಗ್ ನಿಂತುಹೋಯಿತು. "ಮೂವತ್ತು ದಿನ ಮಾತ್ರ ಇಡ್ತೀವಿ. ಅದರ ಹಿಂದಿನದು ಅಳಿಸಿಹೋಗುತ್ತೆ" ಎಂದರು.

ಫೈಲ್ ಬಯಲಲ್ಲಿದ್ದದ್ದು 74 ದಿನ. ನಮ್ಮ ಹತ್ತಿರ ದಾಖಲೆ ಇದ್ದದ್ದು ಕೊನೆಯ 30 ದಿನದ್ದು. ಉಳಿದ 44 ದಿನಗಳಲ್ಲಿ ಅದನ್ನು ಯಾರೂ ಮುಟ್ಟಿಲ್ಲವೋ, ನೂರು ಜನ ಇಳಿಸಿಕೊಂಡರೋ, ಹೇಳಲು ನಮಗೆ ದಾರಿಯೇ ಇರಲಿಲ್ಲ. "ಯಾವುದೇ ಸಾಕ್ಷಿ ಕಂಡುಬಂದಿಲ್ಲ" ಎಂಬ ಮಾತು ಅಕ್ಷರಶಃ ನಿಜ. ಆದರೆ ಹುಡುಕಿ ನೋಡಿದೆವು, ಸಿಗಲಿಲ್ಲ ಎಂದು ಓದುವವರು ಅಂದುಕೊಳ್ಳುತ್ತಾರೆ. ಹುಡುಕುವುದಕ್ಕೆ ಜಾಗವೇ ಇರಲಿಲ್ಲ ಎಂಬುದು ಅವರಿಗೆ ಹೊಳೆಯುವುದಿಲ್ಲ. ಇಡೀ ಪ್ರಕರಣದಲ್ಲಿ ಜಾಸ್ತಿ ವಾದ ನಡೆದದ್ದು ಈ ಒಂದು ವಾಕ್ಯದ ಮೇಲೆ. ಲಾಗ್ ಇಲ್ಲ ಎಂದು ಬರೆದರೆ ನಾವೇ ನಮ್ಮ ಮರ್ಯಾದೆ ಕಳೆದುಕೊಂಡಂತೆ ಎಂದು ಕೆಲವರ ಅಂಜಿಕೆ. ನನ್ನ ಅಂಜಿಕೆ ಬೇರೆ. ಮುಂದೆ ದುರುಪಯೋಗ ಆಗಿ, ಲಾಗ್ ಇಲ್ಲದ್ದು ನಮಗೆ ಮೊದಲೇ ಗೊತ್ತಿತ್ತು ಎಂಬುದು ಹೊರಬಿದ್ದರೆ, ಆಮೇಲೆ ನಾವು ಬರೆಯುವ ಯಾವ ಪತ್ರವನ್ನೂ ಯಾರೂ ನಂಬುವುದಿಲ್ಲ. ಕಡೆಗೆ ಲಾಗ್ ಇಲ್ಲ ಎಂಬ ಮಾತೇ ಪತ್ರದಲ್ಲಿ ಉಳಿಯಿತು.

"ಎನ್‌ಕ್ರಿಪ್ಟ್" ಎಂಬ ಪದ

ಕರಡಿನ ಇನ್ನೊಂದು ತಪ್ಪು ಪಾಸ್‌ವರ್ಡಿನದು. ಎನ್‌ಕ್ರಿಪ್ಟ್ ಆದದ್ದನ್ನು ಕೀ ಇದ್ದರೆ ಮತ್ತೆ ಬಿಚ್ಚಬಹುದು. ಹ್ಯಾಶ್ ಹಾಗಲ್ಲ. ಪಾಸ್‌ವರ್ಡನ್ನು ಒಂದು ಲೆಕ್ಕಕ್ಕೆ ಹಾಕಿ, ಬಂದ ಉತ್ತರವನ್ನು ಮಾತ್ರ ಇಟ್ಟುಕೊಳ್ಳುತ್ತಾರೆ. ಉತ್ತರದಿಂದ ಪಾಸ್‌ವರ್ಡಿಗೆ ಹಿಂದಿರುಗುವ ದಾರಿ ಇಲ್ಲ. ಆದರೆ ಊಹಿಸಬಹುದು. ಒಂದೊಂದೇ ಪಾಸ್‌ವರ್ಡ್ ಹಾಕಿ ಲೆಕ್ಕ ಮಾಡಿ, ಉತ್ತರ ಹೊಂದುತ್ತದಾ ಎಂದು ನೋಡಬಹುದು. ಆ ಲೆಕ್ಕ ಎಷ್ಟು ನಿಧಾನವೋ ಊಹಿಸುವವನಿಗೆ ಅಷ್ಟು ಕಷ್ಟ.

ನಮ್ಮಲ್ಲಿ ಎರಡು ಬಗೆ ಇತ್ತು. ಕೆಲವು ವರ್ಷಗಳ ಹಿಂದೆ ಬಿಕ್ರಿಪ್ಟ್‌ಗೆ ಬದಲಾಗಿದ್ದೆವು. ಅದು ಬೇಕೆಂದೇ ನಿಧಾನ ಮಾಡಿದ ಲೆಕ್ಕ. ಆದರೆ ಹಳೆಯ ಹ್ಯಾಶ್ ಹೊಸದಾಗುವುದು ಗ್ರಾಹಕರು ಮತ್ತೆ ಲಾಗಿನ್ ಆದಾಗ ಮಾತ್ರ, ಏಕೆಂದರೆ ಅವರ ನಿಜವಾದ ಪಾಸ್‌ವರ್ಡ್ ನಮ್ಮ ಕೈಗೆ ಸಿಗುವುದು ಆ ಕ್ಷಣದಲ್ಲಷ್ಟೆ. ಬದಲಾವಣೆ ಆದಮೇಲೆ ಒಮ್ಮೆಯೂ ಬಾರದಿದ್ದ 7,400 ಜನರದು ಹಳೆಯ ಎಂಡಿ5 ಹ್ಯಾಶಿನಲ್ಲೇ, ಪ್ರತಿ ಪಾಸ್‌ವರ್ಡಿಗೂ ಬೇರೆ ಬೇರೆಯಾಗಿ ಬೆರೆಸುವ ಸಾಲ್ಟ್ ಎಂಬ ಅಕ್ಷರಗಳೂ ಇಲ್ಲದೆ, ಉಳಿದುಬಿಟ್ಟಿತ್ತು. ಎಂಡಿ5 ಎಷ್ಟು ವೇಗ ಅಂದರೆ, ಆಟ ಆಡುವ ಕಂಪ್ಯೂಟರಿನ ಒಂದು ಗ್ರಾಫಿಕ್ಸ್ ಕಾರ್ಡ್ ಸೆಕೆಂಡಿಗೆ ಕೋಟಿಗಟ್ಟಲೆ ಊಹೆ ಮಾಡಿ ನೋಡಬಲ್ಲದು. ಸಾಮಾನ್ಯ ಪಾಸ್‌ವರ್ಡ್‌ಗಳು ಅದರ ಮುಂದೆ ನಿಲ್ಲುವುದಿಲ್ಲ.

ಆದ್ದರಿಂದ ಒಂದೇ ಪತ್ರ ಎಲ್ಲರಿಗೂ ಸಲ್ಲುವುದಿಲ್ಲ. 31,000 ಜನರಿಗೆ "ಪಾಸ್‌ವರ್ಡ್ ಪತ್ತೆ ಮಾಡುವುದು ಕಷ್ಟ, ಆದರೂ ಬದಲಿಸಿ" ಎನ್ನಬಹುದು. ಈ 7,400 ಜನರಿಗೆ ಹಾಗೆ ಬರೆದರೆ ಸುಳ್ಳು ಧೈರ್ಯ ಕೊಟ್ಟಂತೆ. ಅವರಿಗೆ ನಿಜವಾದ ಅಪಾಯ ನಮ್ಮ ಸೈಟಿನಲ್ಲಿ ಅಲ್ಲ. ಅದೇ ಪಾಸ್‌ವರ್ಡನ್ನು ಇಮೇಲಿಗೋ ಬ್ಯಾಂಕಿಗೋ ಇಟ್ಟಿದ್ದರೆ, ಅಲ್ಲಿ. ಹಾಗಾಗಿ ಎರಡು ಪತ್ರ ಸಿದ್ಧ ಮಾಡಿದೆವು.

ಕಳಿಸಿದ ಪತ್ರ

ಯುರೋಪಿನ ಮಾಹಿತಿ ರಕ್ಷಣೆಯ ಕಾನೂನಾದ ಜಿಡಿಪಿಆರ್‌ನ 34ನೇ ವಿಧಿ ಇಂಥ ಪತ್ರದಲ್ಲಿ ಏನಿರಬೇಕು ಎಂದು ಹೇಳುತ್ತದೆ. ಸುಲಭ ಭಾಷೆಯಲ್ಲಿ ಏನಾಯಿತು, ಯಾರನ್ನು ಸಂಪರ್ಕಿಸಬೇಕು, ಇದರಿಂದ ಏನಾಗಬಹುದು, ಸಂಸ್ಥೆ ಏನು ಮಾಡಿದೆ. ಅದರ ಹಿಂದಿನ 33ನೇ ವಿಧಿ ವಿಷಯ ಗೊತ್ತಾದ 72 ಗಂಟೆಯೊಳಗೆ ನಿಯಂತ್ರಕರಿಗೆ ತಿಳಿಸಬೇಕು ಎನ್ನುತ್ತದೆ. ಗ್ರಾಹಕರಿಗೆ ಗಂಟೆಯ ಲೆಕ್ಕ ಇಲ್ಲ, ಅನಗತ್ಯವಾಗಿ ತಡಮಾಡಬಾರದು ಎಂದಷ್ಟೇ ಇದೆ. ಈ ಕಾನೂನು ಅನ್ವಯಿಸದ ಕಡೆಯೂ ಆ ನಾಲ್ಕು ಅಂಶ ಒಳ್ಳೆಯ ಹಂದರ. ಹಳೆಯ ಹ್ಯಾಶಿನ ಗುಂಪಿಗೆ ಮೇ 19ರಂದು ಹೋದ ಪತ್ರ ಇದು. ವಿಳಾಸ, ನಂಬರ್ ತೆಗೆದಿದ್ದೇನೆ.

> ವಿಷಯ: ನಿಮ್ಮ ಖಾತೆಯ ಮಾಹಿತಿ ಸೋರಿಕೆಯಾಗಿದೆ, ಪಾಸ್‌ವರ್ಡ್ ಬದಲಿಸಿ
>
> ನಮಸ್ಕಾರ,
>
> ನಿಮ್ಮ ಹೆಸರು, ಇಮೇಲ್ ವಿಳಾಸ, ಫೋನ್ ನಂಬರ್, ನೀವು ಕೊನೆಯದಾಗಿ ಸೇರಿದ ಕೋರ್ಸಿನ ಹೆಸರು ಮತ್ತು ಪಾಸ್‌ವರ್ಡಿನ ಹಳೆಯ ಮಾದರಿಯ ಹ್ಯಾಶ್ ಇದ್ದ ಒಂದು ಫೈಲನ್ನು ಹೊರಗಿನವರು ಡೌನ್‌ಲೋಡ್ ಮಾಡಿದ್ದಾರೆ. ಈ ಹ್ಯಾಶಿನಿಂದ ಪಾಸ್‌ವರ್ಡ್ ಪತ್ತೆ ಮಾಡುವುದು ಸುಲಭ. ನಿಮ್ಮ ಪಾಸ್‌ವರ್ಡ್ ಬೇರೆಯವರಿಗೆ ಗೊತ್ತಾಗಿದೆ ಎಂದೇ ತಿಳಿದು ಮುಂದುವರಿಯಿರಿ. ಕಾರ್ಡ್ ಅಥವಾ ಬ್ಯಾಂಕ್ ವಿವರ ಆ ಫೈಲಿನಲ್ಲಿ ಇರಲಿಲ್ಲ.
>
> ಈಗ ನೀವು ಮಾಡಬೇಕಾದದ್ದು. ಇದೇ ಪಾಸ್‌ವರ್ಡನ್ನು ಬೇರೆ ಎಲ್ಲಾದರೂ ಬಳಸುತ್ತಿದ್ದರೆ ಮೊದಲು ಅಲ್ಲಿ ಬದಲಿಸಿ. ಇಮೇಲ್ ಖಾತೆಯಿಂದ ಶುರು ಮಾಡಿ. ನಮ್ಮಲ್ಲಿರುವ ನಿಮ್ಮ ಹಳೆಯ ಪಾಸ್‌ವರ್ಡನ್ನು ನಾವು ಈಗಾಗಲೇ ರದ್ದು ಮಾಡಿದ್ದೇವೆ. ಹೊಸದನ್ನು ಇಡಲು ನಮ್ಮ ಸೈಟಿನ ವಿಳಾಸವನ್ನು ನೀವೇ ಟೈಪ್ ಮಾಡಿ, "ಪಾಸ್‌ವರ್ಡ್ ಮರೆತಿದ್ದೇನೆ" ಎಂಬುದನ್ನು ಒತ್ತಿ. ಈ ಪತ್ರದಲ್ಲಿ ಯಾವ ಲಿಂಕೂ ಇಲ್ಲ. ಈ ವಿಷಯದ ಬಗ್ಗೆ ನಾವು ಕಳಿಸುವ ಯಾವ ಪತ್ರದಲ್ಲೂ ಲಿಂಕ್ ಇರುವುದಿಲ್ಲ. ಲಿಂಕ್ ಇದ್ದರೆ ಅದು ನಮ್ಮದಲ್ಲ.
>
> ಏನಾಯಿತು. ನಮ್ಮ ಸಿಬ್ಬಂದಿ ಮಾರ್ಚ್ 3ರಂದು ಈ ಫೈಲನ್ನು ಯಾರು ಬೇಕಾದರೂ ತೆರೆಯಬಹುದಾದ ಜಾಗದಲ್ಲಿ ಇಟ್ಟರು. ಮೇ 16ರಂದು ನಮಗೆ ಗೊತ್ತಾಯಿತು, ಕೂಡಲೇ ಮುಚ್ಚಿದೆವು. ಏಪ್ರಿಲ್ 16ರಿಂದ ಮೇ 16ರವರೆಗೆ ನಾಲ್ಕು ಸಲ ಅದನ್ನು ಪೂರ್ತಿ ಡೌನ್‌ಲೋಡ್ ಮಾಡಲಾಗಿದೆ. ಅದಕ್ಕೂ ಹಿಂದಿನ 44 ದಿನಗಳ ದಾಖಲೆ ನಮ್ಮಲ್ಲಿ ಇಲ್ಲ. ಆ ಅವಧಿಯಲ್ಲಿ ಏನಾಯಿತು ಎಂದು ನಾವು ಹೇಳಲಾರೆವು.
>
> ಮುಂದೆ ಏನಾಗಬಹುದು. ನಿಮ್ಮ ಹೆಸರು, ಕೋರ್ಸಿನ ಹೆಸರು ಹೇಳಿ, ನಾವೇ ಎಂದು ನಂಬಿಸಿ ಕರೆ ಅಥವಾ ಇಮೇಲ್ ಮಾಡಬಹುದು. ನಾವು ಫೋನಿನಲ್ಲಿ ಪಾಸ್‌ವರ್ಡ್, ಒಟಿಪಿ, ಹಣ ಕೇಳುವುದಿಲ್ಲ.
>
> ನಾವು ಮಾಡಿರುವುದು. ಆ ಫೈಲನ್ನು ತೆಗೆದಿದ್ದೇವೆ. ಸಾರ್ವಜನಿಕವಾಗಿ ತೆರೆದಿರುವ ನಮ್ಮ ಎಲ್ಲ ಫೋಲ್ಡರ್‌ಗಳನ್ನೂ ಒಂದೊಂದಾಗಿ ನೋಡಿದ್ದೇವೆ, ಬೇರೆ ಯಾವುದರಲ್ಲೂ ಗ್ರಾಹಕರ ಮಾಹಿತಿ ಇಲ್ಲ. ಹಳೆಯ ಮಾದರಿಯ ಹ್ಯಾಶ್‌ಗಳನ್ನು ಪೂರ್ತಿ ಅಳಿಸಿದ್ದೇವೆ. ಲಾಗ್‌ಗಳನ್ನು ಇನ್ನು ಮುಂದೆ ಒಂದು ವರ್ಷ ಇಡುತ್ತೇವೆ. ನಿಯಂತ್ರಕರಿಗೆ ತಿಳಿಸಿದ್ದೇವೆ.
>
> ಸಂಪರ್ಕ. ಈ ಇಮೇಲಿಗೇ ಉತ್ತರ ಬರೆಯಿರಿ, ಒಂದು ದಿನದೊಳಗೆ ಒಬ್ಬರು ಓದಿ ಉತ್ತರಿಸುತ್ತಾರೆ. ಅಥವಾ ಬೆಳಗ್ಗೆ 9ರಿಂದ ರಾತ್ರಿ 9ರವರೆಗೆ ಕರೆ ಮಾಡಿ. ಈ ನಂಬರ್ ನಮ್ಮ ಸೈಟಿನ ಮುಖಪುಟದಲ್ಲೂ ಇದೆ. ಅಲ್ಲಿ ನೋಡಿ ಖಚಿತ ಮಾಡಿಕೊಂಡು ಕರೆ ಮಾಡಿದರೆ ಇನ್ನೂ ಒಳ್ಳೆಯದು.
>
> ಫೈಲನ್ನು ಬಯಲಲ್ಲಿ ಬಿಟ್ಟದ್ದು ನಮ್ಮ ತಪ್ಪು. ಅದು 74 ದಿನ ನಮಗೆ ಕಾಣದೇ ಹೋದದ್ದೂ ನಮ್ಮ ತಪ್ಪು. ಕ್ಷಮಿಸಿ.

ಕ್ರಮದ ಬಗ್ಗೆ ಒಂದು ಮಾತು. ಏನಾಯಿತು ಎಂಬ ಕಥೆಗಿಂತ ಏನು ಮಾಡಬೇಕು ಎಂಬುದನ್ನು ಮೇಲೆ ತಂದದ್ದು ಬೇಕೆಂದೇ. ಫೋನಿನಲ್ಲಿ ಓದುವವರು ಮೊದಲ ಎರಡು ಪ್ಯಾರಾ ನೋಡಿ ಮುಚ್ಚಿಬಿಟ್ಟರೂ ಪಾಸ್‌ವರ್ಡ್ ಬದಲಿಸುವಷ್ಟು ತಿಳಿದಿರಬೇಕು. ವಿಷಯದ ಸಾಲಿಗೆ "ಒಂದು ಮುಖ್ಯ ಸೂಚನೆ" ಎಂದು ಮೊದಲು ಬಂದಿತ್ತು. ರಿಯಾಯಿತಿ ಜಾಹೀರಾತಿಗೂ ಅದೇ ಸಾಲು ಹಾಕುತ್ತಾರೆ, ಯಾರು ತೆರೆಯುತ್ತಾರೆ?

ಕಳಿಸುವಾಗ 7,400 ಜನರಿಗೆ ಮೊದಲು, ಉಳಿದವರಿಗೆ ಐದು ಗಂಟೆಗಳಲ್ಲಿ ಕಂತುಕಂತಾಗಿ ಕಳಿಸಿದೆವು. ಒಟ್ಟಿಗೆ ಬಿಟ್ಟರೆ ಇಮೇಲ್ ಸೇವೆಗಳು ಸ್ಪ್ಯಾಮ್ ಎಂದು ತಡೆಯುವ ಸಾಧ್ಯತೆ ಇರುತ್ತದೆ. ಎಲ್ಲರೂ ಒಂದೇ ಹೊತ್ತಿಗೆ ಪಾಸ್‌ವರ್ಡ್ ಬದಲಿಸಲು ಬಂದರೆ ಸೈಟೂ ಕುಸಿಯುತ್ತದೆ. ಇಮೇಲ್ ತಲುಪದೆ ಹಿಂದಿರುಗಿದವರಿಗೆ ಎಸ್‌ಎಂಎಸ್ ಹೋಯಿತು. ಅದರಲ್ಲೂ ಲಿಂಕ್ ಇರಲಿಲ್ಲ.

ಫೋನಿನ ಆ ಕಡೆ

ಸಂಪರ್ಕದ ಜಾಗಕ್ಕೆ ಆರು ಜನರನ್ನು ಕೂರಿಸಿದ್ದೆವು. ಪತ್ರ ಹೊರಡುವ ಹಿಂದಿನ ದಿನ ಅವರ ಜೊತೆ ಎರಡು ಗಂಟೆ ಕೂತು ಪತ್ರ ಓದಿದೆವು. ಪತ್ರದಲ್ಲಿ ಇಲ್ಲದ್ದನ್ನು ಊಹಿಸಿ ಹೇಳಬೇಡಿ, "ಗೊತ್ತಿಲ್ಲ, ಕೇಳಿ ಹೇಳುತ್ತೇನೆ" ಎಂದು ಬರೆದುಕೊಳ್ಳಿ ಎಂದಿದ್ದೆವು. ಇನ್ನೊಂದು ಎಚ್ಚರವೂ ಬೇಕಿತ್ತು. "ನನ್ನದು ಏನೇನು ಹೋಗಿದೆ, ಓದಿ ಹೇಳಿ" ಎಂದು ಕೇಳುವವರು ಆ ಗ್ರಾಹಕರೇ ಎಂದು ಹೇಗೆ ನಂಬುವುದು? ಹೆಸರು, ಫೋನ್ ನಂಬರ್, ಕೋರ್ಸ್ ಹೇಳಿ ಗುರುತು ಖಚಿತ ಮಾಡುವ ನಮ್ಮ ಹಳೆಯ ಪದ್ಧತಿ ಅಂದಿಗೇ ಸತ್ತುಹೋಗಿತ್ತು, ಏಕೆಂದರೆ ಅವೆಲ್ಲ ಕದ್ದ ಫೈಲಿನಲ್ಲೇ ಇದ್ದವು. ಹಾಗಾಗಿ ಫೋನಿನಲ್ಲಿ ಯಾವ ಬಗೆಯ ಮಾಹಿತಿ ಹೋಗಿದೆ ಎಂದು ಮಾತ್ರ ಹೇಳುವುದು, ವಿವರ ಬೇಕಿದ್ದರೆ ನೋಂದಾಯಿಸಿದ ಇಮೇಲಿಗೇ ಕಳಿಸುವುದು ಎಂದು ತೀರ್ಮಾನಿಸಿದ್ದೆವು.

ಇಷ್ಟೆಲ್ಲ ಯೋಚಿಸಿಯೂ ಒಂದು ಕಡೆ ಎಡವಿದೆವು. ಮೊದಲ ಗಂಟೆಯಲ್ಲೇ ಒಬ್ಬ ಮಹಿಳೆ ಕರೆ ಮಾಡಿದರು. ನಾನು ಪಕ್ಕದಲ್ಲೇ ಇದ್ದೆ.

"ಅಲ್ಲಪ್ಪಾ, ನಾನು ಖಾತೆ ಮುಚ್ಚಿಸಿ ಎರಡು ವರ್ಷ ಆಯ್ತು. ಪಾಸ್‌ವರ್ಡ್ ಬದಲಿಸಿ ಅಂತೀರಲ್ಲ, ಎಲ್ಲಿ ಬದಲಿಸಲಿ? ಮುಚ್ಚಿದ ಮೇಲೂ ನನ್ನ ನಂಬರ್ ನಿಮ್ಮ ಹತ್ತಿರ ಯಾಕಿತ್ತು?"

ಫೋನ್ ಹಿಡಿದ ಹುಡುಗ ನನ್ನ ಮುಖ ನೋಡಿದ. ನನ್ನ ಹತ್ತಿರವೂ ಉತ್ತರ ಇರಲಿಲ್ಲ. "ಮೇಡಂ, ನೀವು ಕೇಳಿದ್ದು ಸರಿ. ಇವತ್ತು ಸಂಜೆಯೊಳಗೆ ನಿಮಗೆ ಬರೆದು ತಿಳಿಸ್ತೀವಿ" ಎಂದು ಅವನೇ ಹೇಳಿದ. ಒಳ್ಳೆಯ ಕೆಲಸ ಮಾಡಿದ.

ವಿಳಾಸಗಳ ಪಟ್ಟಿಯನ್ನು ಈಗಿನ ಗ್ರಾಹಕರ ಪಟ್ಟಿಯಿಂದ ತೆಗೆಯದೆ ಸೋರಿದ ಫೈಲಿನಿಂದಲೇ ತೆಗೆದದ್ದು ಸರಿಯಾಗಿತ್ತು. ಇಲ್ಲದಿದ್ದರೆ ಇವರಿಗೆ ಪತ್ರವೇ ಹೋಗುತ್ತಿರಲಿಲ್ಲ. ಆದರೆ ಆ ಫೈಲಿನಲ್ಲಿ ಖಾತೆ ಮುಚ್ಚಿದವರು 2,300 ಜನ ಇದ್ದಾರೆ ಎಂದು ಯಾರೂ ಎಣಿಸಿರಲಿಲ್ಲ. ನಮ್ಮಲ್ಲಿ ಖಾತೆ ಮುಚ್ಚುವುದು ಎಂದರೆ ದಾಖಲೆಗೆ "ಮುಚ್ಚಿದೆ" ಎಂಬ ಗುರುತು ಹಾಕುವುದು ಅಷ್ಟೇ. ಅಳಿಸುವ ಕೆಲಸ ಯಾರ ಪಟ್ಟಿಯಲ್ಲೂ ಇರಲಿಲ್ಲ. ಸಂಜೆ ಆ 2,300 ಜನರಿಗೆ ಮೂರನೇ ಪತ್ರ ಹೋಯಿತು. ಮುಚ್ಚಿದ ಮೇಲೂ ನಿಮ್ಮ ಮಾಹಿತಿಯನ್ನು ಅಳಿಸದೆ ಇಟ್ಟಿದ್ದೆವು, ಅದಕ್ಕೆ ಯಾವ ಕಾರಣವೂ ಇರಲಿಲ್ಲ, ಈಗ ಅಳಿಸುತ್ತಿದ್ದೇವೆ, ಬೆಳಗಿನ ಪತ್ರದ ಲಾಗಿನ್ ಮಾತು ನಿಮಗೆ ಅನ್ವಯಿಸದು, ಆ ಪಾಸ್‌ವರ್ಡನ್ನು ಬೇರೆ ಕಡೆ ಬಳಸುತ್ತಿದ್ದರೆ ಅಲ್ಲಿ ಬದಲಿಸಿ ಎಂದು ಅದರಲ್ಲಿ ಬರೆದೆವು. ಆ ಮಹಿಳೆಗೆ ಅದೇ ಹುಡುಗ ಮತ್ತೆ ಕರೆ ಮಾಡಿ ಹೇಳಿದ.

ನಾಲ್ಕನೇ ದಿನ

ಮೇ 23ರ ಬೆಳಗ್ಗೆ ಸಂಪರ್ಕದ ಇಮೇಲ್ ಪೆಟ್ಟಿಗೆಗೆ ಹತ್ತಾರು ಗ್ರಾಹಕರು ಒಂದೇ ಪತ್ರವನ್ನು ಮುಂದಕ್ಕೆ ಕಳಿಸಿದ್ದರು. ನಮ್ಮ ಲೋಗೋ, ನಮ್ಮ ಬಣ್ಣ, ಪ್ರತಿಯೊಬ್ಬರ ಹೆಸರು, ಅವರವರ ಕೊನೆಯ ಕೋರ್ಸ್. "ಪರಿಹಾರದ ಹಣ ಪಡೆಯಲು ಇಲ್ಲಿ ಒತ್ತಿ" ಎಂದು ಕೆಳಗೆ ಒಂದು ಲಿಂಕ್. "ನಿಮ್ಮ ಪತ್ರದಲ್ಲಿ ಲಿಂಕ್ ಇರಲ್ಲ ಅಂದಿದ್ರಿ, ಇದು ನಿಮ್ಮದಲ್ಲ ಅಲ್ವಾ?" ಎಂದು ಒಬ್ಬರು ಮೇಲೆ ಬರೆದಿದ್ದರು. ಆ ಒಂದು ಸಾಲಿಗಾಗಿ ಮಾರ್ಕೆಟಿಂಗಿನವರ ಜೊತೆ ಅರ್ಧ ದಿನ ವಾದ ಮಾಡಿದ್ದೆ. ಬಟನ್ ಒತ್ತಿ ಪಾಸ್‌ವರ್ಡ್ ಬದಲಿಸುವುದು ಗ್ರಾಹಕರಿಗೆ ಸುಲಭ ಎಂಬುದು ಅವರ ಮಾತು, ಅದೂ ಸುಳ್ಳಲ್ಲ. ಆದರೆ ಒತ್ತುವ ಅಭ್ಯಾಸವನ್ನು ನಾವೇ ಮಾಡಿಸಿದ್ದರೆ ಈ ನಕಲಿ ಪತ್ರವನ್ನು ಬೇರೆ ಎಂದು ಗುರುತಿಸಲು ಅವರಿಗೆ ಏನೂ ಇರುತ್ತಿರಲಿಲ್ಲ. ಒತ್ತಿದವರೂ ಕೆಲವರು ಇದ್ದರು. ನಾವು ಎಚ್ಚರಿಕೆಯ ಪತ್ರ ಕಳಿಸುವ ಮೊದಲೇ ಮೂವರು ಅಲ್ಲಿ ಕಾರ್ಡ್ ನಂಬರ್ ಕೊಟ್ಟಿದ್ದರು. ಅವರಿಗೆ ಕರೆ ಮಾಡಿ, ಕೂಡಲೇ ಬ್ಯಾಂಕಿಗೆ ತಿಳಿಸಿ ಕಾರ್ಡ್ ನಿಲ್ಲಿಸಿ ಎಂದು ಹೇಳುವುದೇ ಆ ಬೆಳಗಿನ ಮೊದಲ ಕೆಲಸವಾಯಿತು.

ಮಧ್ಯಾಹ್ನ ಎಲ್ಲ 38,400 ಜನರಿಗೂ ಇನ್ನೊಂದು ಪತ್ರ ಹೊರಟಿತು. ಅದರ ಮೊದಲ ಸಾಲು: "ಸೋರಿದ ಮಾಹಿತಿಯನ್ನು ಬಳಸಿ ನಮ್ಮ ಹೆಸರಿನಲ್ಲಿ ನಕಲಿ ಇಮೇಲ್ ಕಳಿಸುತ್ತಿದ್ದಾರೆ." ಮೇ 16ರ ಕರಡೇ ಹೋಗಿದ್ದರೆ ಈ ಸಾಲಿನ ಮುಂಚೆ "ದುರುಪಯೋಗಕ್ಕೆ ಸಾಕ್ಷಿ ಇಲ್ಲ ಎಂದಿದ್ದೆವು, ಆದರೆ" ಎಂದು ಬರೆಯಬೇಕಾಗುತ್ತಿತ್ತು. ಈಗ ಹಿಂದಿನ ಪತ್ರದ ಯಾವ ಮಾತನ್ನೂ ವಾಪಸ್ ಪಡೆಯಬೇಕಾಗಲಿಲ್ಲ. ನಕಲಿ ಪತ್ರ ಹೇಗಿದೆ ಎಂದು ಮಾತಿನಲ್ಲೇ ವಿವರಿಸಿದೆವು, ಅದರ ಚಿತ್ರ ಹಾಕಲಿಲ್ಲ. ಕಾರ್ಡ್ ನಂಬರ್ ಕೊಟ್ಟವರು ಮೊದಲು ಬ್ಯಾಂಕಿಗೆ, ಆಮೇಲೆ ನಮಗೆ ಕರೆ ಮಾಡಿ ಎಂದು ಬರೆದೆವು. ಫೋನಿನಲ್ಲಿ ಆರು ಜನ ಇದ್ದದ್ದು ಆ ದಿನದಿಂದ ಹತ್ತು ಆಯಿತು. ಕರೆಗಳು ದಿನಕ್ಕೆ ಒಂದೆರಡಕ್ಕೆ ಇಳಿಯುವವರೆಗೂ, ಅಂದರೆ ಜೂನ್ ಕೊನೆಯವರೆಗೂ, ಆ ನಂಬರ್ ಮುಖಪುಟದ ಮೇಲೇ ಇತ್ತು. ಇಮೇಲ್ ವಿಳಾಸವನ್ನು ಮುಚ್ಚಲಿಲ್ಲ.